ಕೊನೆಯ ಸೊನ್ನೆ ತಾನಾಗಿ ಬರಲಿ

"ನಮಸ್ಕಾರ ಸರ್. ನಾನು ಕಾರಟಗಿ ಹತ್ತಿರದ ಹಳ್ಳಿಯವನು. ಬಿ.ಕಾಂ. ಮುಗಿಸಿ ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಟ್ರ್ಯಾಕ್ಟರ್ ಸಾಲದ ಕಂತು, ಆನ್ಯುಟಿ, ಪರ್ಪೆಚುಟಿ ಮೂರನ್ನೂ ಎಕ್ಸೆಲ್‌ನಲ್ಲಿ ಹೇಗೆ ಮಾಡುವುದು ಅಂತ ಮೂರು ಭಾಗದ ಲೇಖನ ಬರೆದಿದ್ದೇನೆ. ಶೀಟ್ ಕೂಡ ಜೊತೆಗಿದೆ. ಪತ್ರಿಕೆಗೆ ಆಗುತ್ತದಾ, ಮುಚ್ಚುಮರೆ ಇಲ್ಲದೆ ಹೇಳಿ."

ನಮಸ್ಕಾರ. ಈಗ ಇರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ನಿಮ್ಮ ಭಾಷೆಯಿಂದ ಅಲ್ಲ, ಶೀಟಿನ ಕೊನೆಯ ಸಾಲಿನಲ್ಲಿರುವ ಒಂದು ಸೊನ್ನೆಯಿಂದ.

ಹತ್ತನೇ ಕಂತಿನ ಮುಂದೆ ಬಾಕಿ 0 ಎಂದಿದೆ. ಆ ಸೆಲ್ ಮೇಲೆ ಕ್ಲಿಕ್ ಮಾಡಿದೆ. ಉಳಿದ ಒಂಬತ್ತು ಸಾಲಿನಲ್ಲಿ ಸೂತ್ರ ಇದೆ, ಅಲ್ಲಿ ಮಾತ್ರ ಇಲ್ಲ. ನೀವು ಕೈಯಾರೆ ಸೊನ್ನೆ ಟೈಪ್ ಮಾಡಿದ್ದೀರಿ. ಮೇಲಿನ ಸೂತ್ರವನ್ನೇ ಕೆಳಗೆ ಎಳೆದರೆ 18,990 ರೂಪಾಯಿಯ ಹತ್ತಿರ ಬಾಕಿ ಉಳಿಯುತ್ತದೆ. ಲೆಕ್ಕ ಕೂಡಲಿಲ್ಲ ಎಂದು ನಿಮಗೂ ಗೊತ್ತಾಗಿತ್ತು, ಅಲ್ವಾ? ಆ 18,990 ಎಲ್ಲಿಂದ ಬಂತು ಎಂದು ಹುಡುಕಿದ್ದರೆ ನಿಮ್ಮ ಲೇಖನ ಅಲ್ಲಿಂದಲೇ ಶುರುವಾಗುತ್ತಿತ್ತು.

ಬಂದದ್ದು ಹೀಗೆ. ಸಾಲ 6 ಲಕ್ಷ, ಬಡ್ಡಿ ವರ್ಷಕ್ಕೆ 12%, ಐದು ವರ್ಷ. ನೀವು ತಿಂಗಳ ಕಂತು ತೆಗೆದಿರಿ, 13,347 ಬಂತು. ನಮ್ಮ ಕಡೆ ರೈತ ಆರು ತಿಂಗಳಿಗೊಮ್ಮೆ, ಭತ್ತ ಮಾರಿದ ಮೇಲೆ ಕಟ್ಟುತ್ತಾನೆ ಎಂಬುದು ನಿಮಗೆ ಗೊತ್ತು. ಅದಕ್ಕೆ ಅದನ್ನು ಆರರಿಂದ ಗುಣಿಸಿ 80,080 ಎಂದು ಬರೆದಿರಿ. ಆದರೆ ತಿಂಗಳ ಕಂತಿನ ಲೆಕ್ಕದಲ್ಲಿ ಮೊದಲ ತಿಂಗಳಿಂದಲೇ ಅಸಲು ಇಳಿಯುತ್ತದೆ. ಆರು ತಿಂಗಳಿಗೆ ಕಟ್ಟುವವನ ಕೈಯಲ್ಲಿ ಅಷ್ಟೂ ದಿನ ಪೂರ್ತಿ 6 ಲಕ್ಷ ಇರುತ್ತದೆ. ಪೂರ್ತಿ ಹಣಕ್ಕೇ ಬಡ್ಡಿ ಬೀಳುತ್ತದೆ. ಸರಿಯಾದ ಕಂತು 81,521. ಪ್ರತಿ ಕಂತಿಗೆ 1,441 ಕಡಿಮೆ ಬಿದ್ದು, ಅದರ ಮೇಲೆ ಬಡ್ಡಿ ಬೆಳೆದು, ಕೊನೆಗೆ 19 ಸಾವಿರದ ಹತ್ತಿರ ನಿಂತಿದೆ.

ಶೀಟನ್ನು ಮೊದಲಿಂದ ಮಾಡೋಣ. B1ರಲ್ಲಿ ಸಾಲ, B2ರಲ್ಲಿ ವರ್ಷದ ಬಡ್ಡಿ (12 ಅಲ್ಲ, 12% ಎಂದೇ ಹಾಕಿ), B3ರಲ್ಲಿ ವರ್ಷಕ್ಕೆ ಎಷ್ಟು ಕಂತು, ಅಂದರೆ 2. B4ರಲ್ಲಿ ಒಟ್ಟು ಕಂತು, 10. B5ರಲ್ಲಿ ಕಂತಿನ ಮೊತ್ತ:

```
=ROUND(PMT(B2/B3,B4,-B1),0)
```

ಏಳನೇ ಸಾಲಿನಲ್ಲಿ ತಲೆಬರಹ ಕೊಡಿ: ಕಂತಿನ ನಂಬರ್, ಮೊದಲಿನ ಬಾಕಿ, ಬಡ್ಡಿ, ಕಂತು, ಅಸಲಿಗೆ ಹೋದದ್ದು, ಉಳಿದ ಬಾಕಿ. ಎಂಟನೇ ಸಾಲಿನಿಂದ ಲೆಕ್ಕ ಶುರು.

```
A8: 1
B8: =$B$1
C8: =ROUND(B8*$B$2/$B$3,0)
D8: =IF(A8=$B$4,B8+C8,$B$5)
E8: =D8-C8
F8: =B8-E8
A9: =A8+1
B9: =F8
```

C8ರಿಂದ F8ರವರೆಗಿನದನ್ನು ಒಂಬತ್ತನೇ ಸಾಲಿಗೆ ಕಾಪಿ ಮಾಡಿ. ಆಮೇಲೆ ಆ ಒಂಬತ್ತನೇ ಸಾಲನ್ನು ಹದಿನೇಳರವರೆಗೆ ಎಳೆಯಿರಿ. ಮೊದಲ ಕಂತಿನಲ್ಲಿ ಬಡ್ಡಿ 36,000, ಅಸಲಿಗೆ 45,521, ಬಾಕಿ 5,54,479. ಎರಡನೆಯದರಲ್ಲಿ ಬಡ್ಡಿ 33,269ಕ್ಕೆ ಇಳಿದು ಅಸಲಿಗೆ 48,252 ಹೋಗುತ್ತದೆ. ಕೊನೆಯ ಕಂತು 81,521 ಅಲ್ಲ, 81,520 ಬರುತ್ತದೆ. ಪ್ರತಿ ಸಲ ಪೈಸೆ ಬಿಟ್ಟು ರೂಪಾಯಿಗೆ ತಂದದ್ದರ ವ್ಯತ್ಯಾಸ ಅದು. ಅದನ್ನು ಸರಿಮಾಡಲಿಕ್ಕೇ D ಕಾಲಂನಲ್ಲಿ IF ಇಟ್ಟದ್ದು. ಕೊನೆಯ ಕಂತು ಉಳಿದ ಕಂತಿಗಿಂತ ಕೆಲವೇ ರೂಪಾಯಿ ಹೆಚ್ಚುಕಮ್ಮಿ ಬಂದರೆ ಪಟ್ಟಿ ಸರಿಯಿದೆ. ಸಾವಿರಗಟ್ಟಲೆ ಬಂದರೆ ಮೇಲೆಲ್ಲೋ ತಪ್ಪಿದೆ. 80,080 ಹಾಕಿ ನೋಡಿ, ಕೊನೆಯ ಕಂತು 99 ಸಾವಿರ ದಾಟುತ್ತದೆ.

ಡಾಲರ್ ಗುರುತಿನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ಸಾಲದು. ಹೊಸಬರು ಎಡವುವುದೇ ಅಲ್ಲಿ. C8ರಲ್ಲಿ ಡಾಲರ್ ಬಿಟ್ಟು ಎಳೆದರೆ ಒಂಬತ್ತನೇ ಸಾಲಿನ ಸೂತ್ರ ಒಂದು ಮನೆ ಕೆಳಗೆ ಸರಿಯುತ್ತದೆ. ಬಡ್ಡಿ ದರದ ಜಾಗದಲ್ಲಿ ಕಂತಿನ ಸಂಖ್ಯೆಗಳನ್ನು ಓದುತ್ತದೆ, 2 ಭಾಗಿಸು 10, ಅಂದರೆ 20%. ಎರಡನೇ ಕಂತಿನ ಬಡ್ಡಿಯೇ 1,10,896 ಎಂದು ಬರುತ್ತದೆ. ಕಂತಿಗಿಂತ ಬಡ್ಡಿ ಜಾಸ್ತಿಯಾಗಿ, ಅಸಲಿನ ಕಾಲಂ ಮೈನಸ್‌ಗೆ ಇಳಿದು, ಬಾಕಿ ಏರಿದರೆ ಮೊದಲು ಡಾಲರ್ ನೋಡಿ ಎಂದು ಓದುಗರಿಗೆ ಹೇಳಿ.

ಇನ್ನೊಂದು ಮಾತನ್ನೂ ಸೇರಿಸಬೇಕು. 12%ರ ಅರ್ಧ 6% ಎಂಬುದು ಬಡ್ಡಿಯನ್ನು ಆರು ತಿಂಗಳಿಗೊಮ್ಮೆ ಹಾಕುವ ಸಾಲಕ್ಕೆ ಮಾತ್ರ ಸರಿ. ತಿಂಗಳು ತಿಂಗಳು ಹಾಕಿ ಅಸಲಿಗೆ ಸೇರಿಸಿದರೆ ಆರು ತಿಂಗಳ ದರ 6.15% ಆಗುತ್ತದೆ. ಮಂಜೂರಾತಿ ಪತ್ರದಲ್ಲಿ ಇದು ಇರುತ್ತದೆ, ಅದನ್ನು ಓದಿಯೇ ಸೂತ್ರ ಹಾಕಬೇಕು. ಬ್ಯಾಂಕು ದಿನದ ಲೆಕ್ಕದಲ್ಲಿ ಬಡ್ಡಿ ಹಾಕುವುದರಿಂದ ಪಾಸ್‌ಬುಕ್‌ಗೂ ಈ ಪಟ್ಟಿಗೂ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ.

ಈಗ ಎರಡನೇ ಭಾಗ, ಆನ್ಯುಟಿ. ಇದನ್ನು ಬೇರೆ ಅಧ್ಯಾಯ ಮಾಡಿ, ಪಿಂಚಣಿಯ ಉದಾಹರಣೆ ತಂದು, ಹೊಸ ಸೂತ್ರ ಕೊಟ್ಟಿದ್ದೀರಿ. ಬೇಡ. ನಿಮ್ಮ ಟ್ರ್ಯಾಕ್ಟರ್ ಸಾಲವೇ ಆನ್ಯುಟಿ. ಒಂದೇ ಮೊತ್ತ, ಸಮನಾದ ಅಂತರದಲ್ಲಿ, ಇಂತಿಷ್ಟೇ ಸಲ. ಕಟ್ಟುವವನಿಗೆ ಅದು ಕಂತು, ಸಾಲ ಕೊಟ್ಟವನಿಗೆ ಅದು ಆನ್ಯುಟಿ. ಇದನ್ನು ಪಟ್ಟಿಯಲ್ಲೇ ತೋರಿಸಬಹುದು. ನಾಲ್ಕು ಕಂತು ಕಟ್ಟಿದ ರೈತನಿಗೆ ಹೊಲ ಮಾರಿದ ಹಣ ಬಂತು, ಸಾಲ ಪೂರ್ತಿ ಮುಗಿಸುತ್ತೇನೆ ಎನ್ನುತ್ತಾನೆ. ಉಳಿದದ್ದು ಆರು ಕಂತು. ಆರನ್ನೂ ಕೂಡಿಸಿದರೆ 4,89,126. ಅವನು ಕೊಡಬೇಕಾದದ್ದು ಅಷ್ಟಲ್ಲ. ಇನ್ನೂ ಬರದ ಕಂತುಗಳ ಇವತ್ತಿನ ಬೆಲೆ ಎಷ್ಟೋ ಅಷ್ಟು:

```
=PV(B2/B3,6,-B5)
```

4,00,865 ಬರುತ್ತದೆ. ಈಗ ಪಟ್ಟಿಯಲ್ಲಿ ನಾಲ್ಕನೇ ಕಂತಿನ ಮುಂದಿನ ಬಾಕಿ ನೋಡಿ: 4,00,864. ಯಾವ ಸಾಲಿನಲ್ಲಿ ನೋಡಿದರೂ ಉಳಿದ ಬಾಕಿ ಎಂದರೆ ಉಳಿದ ಕಂತುಗಳ ಇವತ್ತಿನ ಬೆಲೆಯೇ. ಇಷ್ಟು ಕಂಡರೆ ಓದುಗರಿಗೆ PV ಬಾಯಿಪಾಠ ಮಾಡುವ ಕೆಲಸ ಇರುವುದಿಲ್ಲ. ಮುಂಚಿತವಾಗಿ ಮುಗಿಸಿದ್ದಕ್ಕೆ ಶುಲ್ಕ ಇದ್ದರೆ ಅದು ಬೇರೆ, ಅದನ್ನು ಇದರ ಮೇಲೆ ಕೂಡಿಸಿಕೊಳ್ಳಬೇಕು. ಹತ್ತರಲ್ಲಿ ನಾಲ್ಕು ಕಂತು ಕಟ್ಟಿದರೂ ಅಸಲು ಮೂರರಲ್ಲಿ ಒಂದು ಭಾಗವಷ್ಟೇ ತೀರಿದೆ ಎಂಬುದನ್ನೂ ಇಲ್ಲೇ ತೋರಿಸಿ. ನಮ್ಮ ರೈತರು ಬ್ಯಾಂಕಿನ ಮುಂದೆ ಜಗಳ ಮಾಡುವುದು ಬಹಳ ಸಲ ಇದಕ್ಕೇ.

ಹೆಸರುಗಳ ಬಗ್ಗೆ ಒಂದು ಮಾತು. 'ಋಣ ಪರಿಮಾರ್ಜನ ಅನುಸೂಚಿ' ಎಂದು ಹನ್ನೊಂದು ಸಲ ಬರೆದಿದ್ದೀರಿ. ಸಿಂಧನೂರಿನಲ್ಲಾಗಲಿ ಗಂಗಾವತಿಯಲ್ಲಾಗಲಿ ಯಾರೂ ಹಾಗೆ ಅನ್ನುವುದಿಲ್ಲ. ಕಂತಿನ ಪಟ್ಟಿ ಎನ್ನಿ.

ಮೂರನೇ ಭಾಗ ಪರ್ಪೆಚುಟಿ, ಅಂದರೆ ಕೊನೆಯೇ ಇಲ್ಲದೆ ನಡೆಯುವ ಕಂತು. ಅಸಲು ತೀರಿಸುವ ದಿನವೇ ಗೊತ್ತುಮಾಡದ ಬ್ರಿಟಿಷ್ ಸರ್ಕಾರದ ಕನ್ಸೋಲ್ ಬಾಂಡ್ 18ನೇ ಶತಮಾನದಿಂದ ಇಂದಿಗೂ ಬಡ್ಡಿ ಕೊಡುತ್ತಿದೆ ಎಂದು ಬರೆದಿದ್ದೀರಿ. ತಪ್ಪು. ಉಳಿದಿದ್ದ ಕನ್ಸೋಲ್‌ಗಳನ್ನು ಅವರು 2015ರಲ್ಲಿ ಅಸಲು ಕೊಟ್ಟು ಮುಗಿಸಿದರು. ಆ ಪ್ಯಾರಾ ತೆಗೆಯಿರಿ. ಅಷ್ಟು ದೂರ ಹೋಗುವುದೂ ಬೇಕಿಲ್ಲ. ನಿಮ್ಮ ಪಟ್ಟಿಯಲ್ಲಿ B5ರಲ್ಲಿ 36,000 ಟೈಪ್ ಮಾಡಿ ನೋಡಿ. ಬಡ್ಡಿ 36,000, ಅಸಲಿಗೆ 0, ಬಾಕಿ 6,00,000. ಮುಂದಿನ ಸಾಲಿನಲ್ಲೂ ಅದೇ. B4ರಲ್ಲಿ ನೂರು ಹಾಕಿ ನೂರು ಸಾಲು ಎಳೆದರೂ 99ನೇ ಕಂತಿನವರೆಗೆ ಬಾಕಿ ಒಂದು ರೂಪಾಯಿ ಅಲುಗುವುದಿಲ್ಲ, ನೂರನೆಯದರಲ್ಲಿ ಮಾತ್ರ IF ಇಡೀ ಬಾಕಿಯನ್ನು ಒಟ್ಟಿಗೆ ಕೇಳುತ್ತದೆ. ಕಂತು ಮತ್ತು ಬಡ್ಡಿ ಸಮ ಆದಾಗ ಸಾಲ ತೀರುವುದೇ ಇಲ್ಲ, ಅದೇ ಪರ್ಪೆಚುಟಿ. 36,000 ಭಾಗಿಸು 6%, 6 ಲಕ್ಷ. ನೀವು ಕೊಟ್ಟ ಸೂತ್ರ ಹುಟ್ಟಿದ್ದು ಇಲ್ಲಿಂದ.

ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ನಮ್ಮಪ್ಪ ಒಂದು ದಲಾಲಿ ಅಂಗಡಿಯಲ್ಲಿ 50,000 ತಂದಿದ್ದರು, ನೂರಕ್ಕೆ ಎರಡು ರೂಪಾಯಿ ಬಡ್ಡಿ. ತಿಂಗಳಿಗೆ 1,000. ಹನ್ನೊಂದು ವರ್ಷ ಒಂದು ತಿಂಗಳೂ ತಪ್ಪಿಸಲಿಲ್ಲ. 1,32,000 ಕಟ್ಟಿದ್ದರು. ಅಸಲು 50,000 ಹಾಗೇ ಇತ್ತು. ಮನೆಯಲ್ಲಿ ಯಾರಿಗೂ ಅದು ಮೋಸ ಅನ್ನಿಸಿರಲಿಲ್ಲ, ಬಡ್ಡಿ ಸರಿಯಾಗಿ ಕಟ್ಟುತ್ತಿದ್ದೇವೆ ಎಂಬ ನೆಮ್ಮದಿ ಇತ್ತು. ತಿಂಗಳಿಗೆ 1,200 ಕಟ್ಟಿದ್ದರೆ ಎಷ್ಟು ತಿಂಗಳಿಗೆ ತೀರುತ್ತಿತ್ತು ಎಂದು ನೋಡಲು, ಎಷ್ಟೋ ವರ್ಷದ ಮೇಲೆ ನಾನು ಶೀಟಿನಲ್ಲಿ ಇದನ್ನು ಹಾಕಿದೆ:

```
=NPER(2%,-1200,50000)
```

90.48 ಬಂತು. ತಿಂಗಳಿಗೆ ಇನ್ನೂರು ರೂಪಾಯಿ ಜಾಸ್ತಿ ಕಟ್ಟಿದ್ದರೆ ಏಳೂವರೆ ವರ್ಷಕ್ಕೆ ಸಾಲ ಮುಗಿಯುತ್ತಿತ್ತು. 91ನೇ ತಿಂಗಳು ಕಟ್ಟಬೇಕಾದದ್ದು ಬರೀ 580 ರೂಪಾಯಿ. ಅದೇ ಸೂತ್ರದಲ್ಲಿ 1000 ಹಾಕಿದರೆ ಉತ್ತರ ಬರುವುದಿಲ್ಲ, `#NUM!` ಎಂದು ತೋರಿಸುತ್ತದೆ. ಆ ಎರರ್ ಬಂದಾಗ ಸೂತ್ರ ತಪ್ಪಿದೆ ಎಂದು ಅಳಿಸಬೇಡಿ. ಈ ಕಂತಿಗೆ ಈ ಸಾಲ ಎಂದೂ ತೀರುವುದಿಲ್ಲ ಎಂದು ಅದು ಹೇಳುತ್ತಿದೆ.

ಆದರೆ ಇದಕ್ಕೊಂದು ಮಿತಿ ಇದೆ, ಅದನ್ನೂ ಬರೆಯಿರಿ. ಇನ್ನೂರು ಜಾಸ್ತಿ ಕೊಟ್ಟರೆ ಅಂಗಡಿಯವರು ಅಸಲಿಗೆ ಜಮಾ ಮಾಡಿಕೊಳ್ಳಬೇಕು. "ಚಿಲ್ಲರೆ ಬೇಡ, ಕೊಟ್ಟರೆ ಇಡಿಯಾಗಿ ಕೊಡು" ಎನ್ನುವವರೇ ಜಾಸ್ತಿ. ಆಗ ಆ ಇನ್ನೂರನ್ನು ಬೇರೆ ಕೂಡಿಡಬೇಕಾಗುತ್ತದೆ. ಉಳಿತಾಯ ಖಾತೆಯಲ್ಲಿ ಅದಕ್ಕೆ ನೂರಕ್ಕೆ ಎರಡು ಬಡ್ಡಿ ಸಿಗುವುದಿಲ್ಲ. ಏಳೂವರೆ ವರ್ಷದ ಲೆಕ್ಕ ಅಲ್ಲಿಗೆ ಬಿದ್ದುಹೋಗುತ್ತದೆ.

ಹೀಗಾಗಿ ಮೂರು ಭಾಗ ಬೇಡ, ಒಂದೇ ಪಟ್ಟಿ ಇರಲಿ. ಮೊದಲು 81,521ರ ಪಟ್ಟಿ. ಅದರ ನಾಲ್ಕನೇ ಕಂತಿನ ಸಾಲಿನಲ್ಲಿ ನಿಂತು ಆನ್ಯುಟಿ. ಆಮೇಲೆ B5ರಲ್ಲಿ 36,000 ಹಾಕಿ ಪರ್ಪೆಚುಟಿ. ನಿಮ್ಮ ಗೊಬ್ಬರದ ಅಂಗಡಿಯಲ್ಲಿ ಸುಗ್ಗಿಗೆ ಕೊಡುತ್ತೇನೆ ಎಂದು ಉದ್ದರಿ ಒಯ್ಯುವವರ ಖಾತೆ ಇರುತ್ತದೆ. ಅದರಲ್ಲಿ ಬಡ್ಡಿ ಮಾತ್ರ ಕಟ್ಟಿ ಅಸಲು ಮುಂದಕ್ಕೆ ಹಾಕಿದ ಖಾತೆ ಇದ್ದರೆ, ಹೆಸರು, ಊರು ಬಿಟ್ಟು ಅಂಕಿ ಮಾತ್ರ ತೆಗೆದುಕೊಂಡು ಕೊನೆಯ ಪಟ್ಟಿ ಮಾಡಿ ಕಳಿಸಿ. ಶೀಟನ್ನು ಜೊತೆಗೆ ಕಳಿಸುವುದು ಮರೆಯಬೇಡಿ, ಪ್ರತಿ ಸೆಲ್ ಕ್ಲಿಕ್ ಮಾಡಿ ನೋಡುತ್ತೇನೆ.