ಸಂದರ್ಶನದ ನಂತರದ ಇಮೇಲ್‌ನಲ್ಲಿ ತಪ್ಪು ತಿದ್ದುವಾಗ ವಿನಯದ ಧಾಟಿ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನನ್ನ ತಮ್ಮ ಕುಶಾಲನಗರದ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕಪತ್ರ ಸಹಾಯಕನ ಹುದ್ದೆಗೆ ಸಂದರ್ಶನ ಮುಗಿಸಿ ಬಂದು ಈ ಇಮೇಲ್ ಬರೆದಿದ್ದಾನೆ. ಅವನ ವಿನಯ ಕೆಡದಂತೆ ತಪ್ಪುಗಳನ್ನು ಮಾತ್ರ ಹೇಗೆ ತಿದ್ದಲಿ?

“ಮಾನ್ಯರೇ, ನಿನ್ನೆ ತಾವು ನನಗೆ ಸಂದರ್ಶನ ನೀಡಿದ್ದಕ್ಕೆ ಹೃತ್ಪೂರ್ವಕ ದನ್ಯವಾದಗಳು. ನಿಮ್ಮ ಸಂಸ್ಥೆಯ ಕೆಲಸದ ರೀತಿಯನ್ನು ತಾವು ವಿವರಿಸಿದ್ದು ತುಂಬಾ ಉಪಯುಕ್ತವಾಯಿತು. ಚೆರ್ರಿ ಪಾರ್ಚ್‌ಮೆಂಟ್ ಲೆಕ್ಕದ ಪ್ರಶ್ನೆಗೆ ಉತ್ತರಿಸುವಾಗ ಗೊಂದಲವಾಯಿತು, ದಯವಿಟ್ಟು ಕ್ಷಮಿಸಿ. ತಮ್ಮ ಫಲಿತಾಂಶವನ್ನು ಆದಷ್ಟು ಬೇಗ ತಿಳಿಸಬೇಕು. ತಮ್ಮ ವಿಶ್ವಾಸಿ.”

ಉತ್ತರ: ಮಡಿಕೇರಿಯ ಮುದ್ರಣಾಲಯವೊಂದರಲ್ಲಿ ಬಹುಕಾಲದಿಂದ ಕರಡು ತಿದ್ದುತ್ತಿರುವವಳಾಗಿ ಹೇಳುತ್ತೇನೆ: ತಿದ್ದುವ ಮೊದಲು ಈ ಪತ್ರದಲ್ಲಿ ಮುಟ್ಟಬಾರದ್ದು ಯಾವುದೆಂದು ಗುರುತಿಸಿಕೊಳ್ಳಿ. “ಹೃತ್ಪೂರ್ವಕ”, “ತುಂಬಾ”, “ತಮ್ಮ ವಿಶ್ವಾಸಿ” ಇವೆಲ್ಲ ನಿಮ್ಮ ತಮ್ಮನ ದನಿ. “ತುಂಬಾ” ತೆಗೆದು “ಅತ್ಯಂತ” ಹಾಕಿದರೆ ಯಾವ ತಪ್ಪೂ ಸರಿಯಾಗುವುದಿಲ್ಲ, ಬರೆದವನು ಮಾತ್ರ ಬೇರೆಯವನಾಗಿ ಕಾಣುತ್ತಾನೆ.

“ದನ್ಯವಾದ”ವನ್ನು “ಧನ್ಯವಾದ” ಮಾಡುವುದಕ್ಕೆ ಯೋಚಿಸಬೇಕಾದದ್ದೇನೂ ಇಲ್ಲ. ಆಡುಮಾತಿನಲ್ಲಿ ಮಹಾಪ್ರಾಣ ಸಡಿಲುವುದರಿಂದ ಬರಹದಲ್ಲೂ ಅದು ಜಾರುತ್ತದೆ. ಕೆಲವೊಮ್ಮೆ ಆ ಭಯಕ್ಕೇ “ವಿದ್ಯಾರ್ಹತೆ”ಯನ್ನು “ವಿಧ್ಯಾರ್ಹತೆ” ಎಂದು ಬರೆಯುವವರೂ ಇದ್ದಾರೆ. ಅವನ ಬಯೊಡಾಟಾವನ್ನೂ ಇದೇ ಕಣ್ಣಿನಿಂದ ಒಮ್ಮೆ ನೋಡಿಬಿಡಿ.

ನಿಜವಾಗಿ ಗಮನ ಬೇಡುವುದು ಗೌರವದ ಸರ್ವನಾಮ. ಅವನು “ತಾವು” ಎಂದು ಆರಂಭಿಸಿ, ಮುಂದಿನ ವಾಕ್ಯದಲ್ಲಿ “ನಿಮ್ಮ ಸಂಸ್ಥೆ” ಎಂದಿದ್ದಾನೆ. “ನೀವು” ಎಂದರೆ ಅಗೌರವವಲ್ಲ, ಆದರೆ ಒಂದೇ ಪತ್ರದಲ್ಲಿ ಎರಡೂ ಬಂದಾಗ ಓದುವವರಿಗೆ ಗೌರವ ಇಳಿದಂತೆ ಅನಿಸುತ್ತದೆ. ಅವನು “ತಾವು” ಆರಿಸಿಕೊಂಡಿರುವುದರಿಂದ “ನೀವು, ನಿಮ್ಮ, ನಿಮಗೆ” ಎಂಬ ರೂಪಗಳನ್ನು ಹುಡುಕಿ, ಅವನ್ನು ಮಾತ್ರ ಬದಲಿಸಿ. ಸಂಬೋಧಿಸುವ “ತಾವು” ಕೂಡ “ವಿವರಿಸಿದಿರಿ” ಎಂಬ ರೂಪವನ್ನೇ ಬೇಡುವುದರಿಂದ ಕ್ರಿಯಾಪದಗಳನ್ನು ಬದಲಿಸಬೇಕಾಗಿಲ್ಲ. ಹೆಚ್ಚು ವಿನಯ ತೋರಿಸಲು ಹೋಗಿ “ತಾವು ವಿವರಿಸಿದರು” ಎಂದು ಬರೆದರೆ, ಎದುರಿಗಿರುವವರನ್ನು ಬಿಟ್ಟು ಬೇರೆ ಯಾರ ಬಗ್ಗೆಯೋ ಹೇಳಿದಂತಾಗುತ್ತದೆ.

ಕಾಗುಣಿತ ಪರೀಕ್ಷಕ ಹಿಡಿಯಲಾರದ ಎರಡು ತಪ್ಪುಗಳೂ ಇಲ್ಲಿವೆ. “ಸಂದರ್ಶನ ನೀಡಿದ್ದಕ್ಕೆ” ಎಂದರೆ ಪತ್ರಿಕೆಯವರ ಪ್ರಶ್ನೆಗಳಿಗೆ ಸಂಸ್ಥೆಯವರು ಉತ್ತರ ಕೊಟ್ಟಂತೆ ಕೇಳುತ್ತದೆ, ಆದ್ದರಿಂದ “ಸಂದರ್ಶನಕ್ಕೆ ಅವಕಾಶ ನೀಡಿದ್ದಕ್ಕೆ” ಎಂದಾಗಲಿ. “ತಮ್ಮ ಫಲಿತಾಂಶ” ಎಂದರೆ ಸಂಸ್ಥೆಯವರದೇ ಫಲಿತಾಂಶವಾಗುತ್ತದೆ, ಅದು “ಸಂದರ್ಶನದ ಫಲಿತಾಂಶ” ಆಗಬೇಕು. ಪತ್ರ ಹೊರಡುವುದು ತಡವಾದರೆ “ನಿನ್ನೆ” ಕೂಡ ಸುಳ್ಳಾಗುತ್ತದೆ, ಅಲ್ಲಿ ದಿನಾಂಕವನ್ನೇ ಹಾಕಿಸಿ.

“ತಿಳಿಸಬೇಕು” ಎಂಬುದರಲ್ಲಿ ವ್ಯಾಕರಣದ ತಪ್ಪಿಲ್ಲದಿದ್ದರೂ ಅಭ್ಯರ್ಥಿಯ ಬಾಯಲ್ಲಿ ಅದು ಅಪ್ಪಣೆಯಾಗುತ್ತದೆ. ಉಳಿದ ಪತ್ರವೆಲ್ಲ ವಿನಯದಿಂದಿರುವಾಗ ಇದೊಂದು ಪದ ಜಾರಿದೆ ಎಂದೇ ನನ್ನ ತೀರ್ಮಾನ. ವಾಕ್ಯವನ್ನು ಹೊಸದಾಗಿ ಕಟ್ಟಬೇಡಿ. “ತಿಳಿಸಬೇಕಾಗಿ ವಿನಂತಿ” ಎಂದರೆ ಅವನ ಪದವೂ ಉಳಿಯುತ್ತದೆ, ಒರಟೂ ಹೋಗುತ್ತದೆ. “ಆದಷ್ಟು ಬೇಗ” ಅವಸರದಂತೆ ಕೇಳಬಹುದು, ಆದರೆ ಅದು ಅವನ ಅಗತ್ಯ. ತೆಗೆಯುವುದಿದ್ದರೆ ಅವನೇ ತೆಗೆಯಲಿ.

“ಚೆರ್ರಿ ಪಾರ್ಚ್‌ಮೆಂಟ್” ಎಂಬುದನ್ನು ಮಾತ್ರ ನೀವೇ ತಿದ್ದಬೇಡಿ, ಅವನನ್ನು ಕೇಳಿ. ಹಣ್ಣನ್ನು ಇಡಿಯಾಗಿ ಒಣಗಿಸಿದ್ದು ಚೆರ್ರಿ, ಪಲ್ಪ್ ಮಾಡಿ ತೊಳೆದು ಸಿಪ್ಪೆಯೊಳಗಿನ ಬೀಜವನ್ನು ಒಣಗಿಸಿದ್ದು ಪಾರ್ಚ್‌ಮೆಂಟ್. ಕ್ಯೂರಿಂಗ್‌ಗೆ ಇವು ಬೇರೆ ಬೇರೆ ಸರಕಾಗಿ ಬರುತ್ತವೆ. ಎರಡರ ಲೆಕ್ಕವೂ ಅವನ ಮನಸ್ಸಿನಲ್ಲಿದ್ದರೆ ನಡುವೆ ಒಂದು ಅಲ್ಪವಿರಾಮ ಬಿಟ್ಟುಹೋಗಿದೆ, ಒಂದೇ ಆಗಿದ್ದರೆ ಇನ್ನೊಂದು ಪದ ಹೆಚ್ಚಾಗಿದೆ. ಊಹಿಸಿ ತಿದ್ದಿ ಅದು ತಪ್ಪಿದರೆ, ಗೊಂದಲವಾಯಿತೆಂದು ಕ್ಷಮೆ ಕೇಳುವ ವಾಕ್ಯದಲ್ಲೇ ಅದೇ ಗೊಂದಲ ಮತ್ತೆ ಕಾಣುತ್ತದೆ.

“ಮಾನ್ಯರೇ” ಜೊತೆಗೆ ಸಂದರ್ಶಕರ ಹೆಸರು ಸೇರಿಸುವುದಾದರೆ ಅವರ ಕಡೆಯಿಂದ ಬಂದ ಪತ್ರದಲ್ಲಿರುವಂತೆಯೇ ಬರೆಯಿರಿ. ನಮ್ಮ ಕಡೆ ಬೋಪಯ್ಯ, ಬೋಪಣ್ಣ ಎಂಬಂಥ ಹೆಸರುಗಳು ಕಿವಿಗೆ ಹತ್ತಿರ, ಮುಂದೆ ಮನೆತನದ ಹೆಸರೂ ಇರುತ್ತದೆ. ಕೇಳಿದ ನೆನಪಿನಿಂದ ಬರೆದರೆ ತಪ್ಪುವುದು ಸುಲಭ.

ತಿದ್ದಿದ ರೂಪ ಹೀಗಿರಲಿ, ಅವನ ಉತ್ತರ ಬರುವವರೆಗೆ ಪ್ರಶ್ನೆಯ ಗುರುತೂ ಹಾಗೇ ಇರಲಿ:

“ಮಾನ್ಯರೇ, ನಿನ್ನೆ ತಾವು ನನಗೆ ಸಂದರ್ಶನಕ್ಕೆ ಅವಕಾಶ ನೀಡಿದ್ದಕ್ಕೆ ಹೃತ್ಪೂರ್ವಕ ಧನ್ಯವಾದಗಳು. ತಮ್ಮ ಸಂಸ್ಥೆಯ ಕೆಲಸದ ರೀತಿಯನ್ನು ತಾವು ವಿವರಿಸಿದ್ದು ತುಂಬಾ ಉಪಯುಕ್ತವಾಯಿತು. ಚೆರ್ರಿ ಪಾರ್ಚ್‌ಮೆಂಟ್ (?) ಲೆಕ್ಕದ ಪ್ರಶ್ನೆಗೆ ಉತ್ತರಿಸುವಾಗ ಗೊಂದಲವಾಯಿತು, ದಯವಿಟ್ಟು ಕ್ಷಮಿಸಿ. ಸಂದರ್ಶನದ ಫಲಿತಾಂಶವನ್ನು ಆದಷ್ಟು ಬೇಗ ತಿಳಿಸಬೇಕಾಗಿ ವಿನಂತಿ. ತಮ್ಮ ವಿಶ್ವಾಸಿ.”