ಹೆಗಡೇರ ಏಳು ಪುಟದ ಭಾಷಣ

ಮೇ ತಿಂಗಳ ಮೂರನೇ ವಾರ. ಮಗಳೊಬ್ಬಳು ತಂದೆಯನ್ನು ಕರೆದುಕೊಂಡು ಶಿರಸಿಯ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಬಂದಳು. "ಅಪ್ಪ ಸರಿಯಾಗಿ ನಿದ್ದೆ ಮಾಡ್ತಾ ಇಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಬರೀತಾ ಕೂತಿರ್ತಾರೆ" ಅಂದಳು. ಅಪ್ಪ ಏನೂ ಮಾತಾಡಲಿಲ್ಲ. ಪ್ಲಾಸ್ಟಿಕ್ ಚೀಲದಿಂದ ಕಾಗದದ ಕಟ್ಟೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

ಅವರನ್ನು ಇಲ್ಲಿ ಹೆಗಡೇರು ಅಂತ ಕರೆಯುತ್ತೇನೆ. ಶಿರಸಿಯಲ್ಲಿ ಈ ಹೆಸರು ಹೇಳಿದರೆ ಯಾರನ್ನೂ ಗುರುತು ಹಿಡಿಯೋಕೆ ಆಗೋದಿಲ್ಲ, ಅದೇ ಅದರ ಅನುಕೂಲ. ಇನ್ನೂ ಕೆಲವು ವಿವರ ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಅವರು ಹೂಂ ಅಂದ ಮೇಲೆಯೇ ಇಲ್ಲಿ ಹಾಕುತ್ತಿದ್ದೇನೆ.

ಹೆಗಡೇರು ಅಡಿಕೆ ಮಾರಾಟದ ಒಂದು ಸಹಕಾರಿ ಸಂಘದಲ್ಲಿ 34 ವರ್ಷ ತೂಕದ ಕೆಲಸ ಮಾಡಿದವರು. ರೈತರು ತಂದ ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟಿನ ಚೀಲ ತೂಗಿಸಿ, ಪುಸ್ತಕಕ್ಕೆ ಏರಿಸಿ, ಚೀಟಿ ಕೊಡೋದು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಹುಟ್ಟಿದ ದಿನ ಬರೆದುಕೊಂಡ ಕಾಲದವರು. ಹಾಗಾಗಿ ಮೇ 31ಕ್ಕೆ ನಿವೃತ್ತಿ. ಅವತ್ತು ಬೀಳ್ಕೊಡುಗೆ, ಅದಕ್ಕೊಂದು ಭಾಷಣ. ಕಟ್ಟಿನಲ್ಲಿ ಇದ್ದದ್ದು ಅದೇ.

ಮೊದಲು ನಾನು ಭಾಷಣ ಮುಟ್ಟಲಿಲ್ಲ. ನಿದ್ದೆ, ಊಟ, ಬಿಪಿ ಬಗ್ಗೆ ಕೇಳಿದೆ. ದಿನದ ಬಹುಪಾಲು ಮನಸ್ಸು ಮಂಕಾಗಿರೋದು, ಯಾವುದರಲ್ಲೂ ಆಸಕ್ತಿ ಇಲ್ಲದಿರೋದು ಎರಡು ವಾರ ದಾಟಿದ್ದರೆ ನಾನು ವೈದ್ಯರ ಹತ್ತಿರ ಕಳಿಸುತ್ತೇನೆ. ಹೆಗಡೇರು ಊಟ ಸರಿಯಾಗಿ ಮಾಡುತ್ತಿದ್ದರು, ತೋಟಕ್ಕೆ ಹೋಗುತ್ತಿದ್ದರು, ಮೊಮ್ಮಗನ ಜೊತೆ ನಗುತ್ತಿದ್ದರು. ರಾತ್ರಿ ಮಾತ್ರ ಒಂದು ಸಾಲು ನೆನಪಾಗಿ ಎಚ್ಚರ ಆಗುತ್ತಿತ್ತು. ಎದ್ದು ಬರೆದರೆ ಇನ್ನೊಂದು ಸಾಲು.

ಹಾಗಾದರೆ ಓದಿ ಅಂದೆ. ಫೋನಿನಲ್ಲಿ ಟೈಮರ್ ಇಟ್ಟೆ. ಏಳು ಪುಟ, 19 ನಿಮಿಷ. ನಾಲ್ಕನೇ ಪುಟಕ್ಕೆ ಬರುವಾಗ ಅವರ ಕಿವಿ ಕೆಂಪಾಗಿತ್ತು.

ವಿಷಯ ಇಷ್ಟು. ಹನ್ನೊಂದು ವರ್ಷದ ಹಿಂದೆ ಅವರಿಗೆ ಸಿಗಬೇಕಿದ್ದ ಬಡ್ತಿ, ಅವರಿಗಿಂತ ಆರು ವರ್ಷ ಚಿಕ್ಕವರಾದ ಒಬ್ಬರಿಗೆ ಹೋಯಿತು. ಅವರೇ ಈಗ ಮ್ಯಾನೇಜರ್. 31ರಂದು ಶಾಲು ಹೊದೆಸೋದೂ ಅವರೇ.

ಬೈಗುಳ ಒಂದೂ ಇರಲಿಲ್ಲ ಅನ್ನೋದು ಗಮನಿಸಬೇಕಾದ ಮಾತು. ಮೇಲಿಂದ ನೋಡಿದರೆ ಏಳು ಪುಟವೂ ಧನ್ಯವಾದವೇ. "ಯಾರ ಬಗ್ಗೆಯೂ ಒಂದು ಕೆಟ್ಟ ಮಾತು ಆಡಿಲ್ಲ ನೋಡಿ" ಅಂತ ಅವರೂ ಅಂದರು. ನಿವೃತ್ತಿಯ ಭಾಷಣ ಹಾಳಾಗೋದು ಸಾಮಾನ್ಯವಾಗಿ ಹೀಗೇ. ನೇರವಾಗಿ ಜಗಳ ಆಡುವವರು ಕಡಿಮೆ. ದೂರು ಧನ್ಯವಾದದ ಅಂಗಿ ಹಾಕಿಕೊಂಡು ಬರುತ್ತದೆ.

ಅವರ ಸಾಲುಗಳನ್ನೇ ನೋಡಿ. "34 ವರ್ಷ ಒಂದು ಕಿಲೋ ಅತ್ತಿತ್ತ ಮಾಡದೆ ಪ್ರಾಮಾಣಿಕವಾಗಿ ದುಡಿದೆ." "ನನಗೆ ತೊಂದರೆ ಕೊಟ್ಟವರಿಗೂ ವಂದನೆ, ಅವರಿಂದಲೇ ನಾನು ಗಟ್ಟಿಯಾದೆ." "ನಮ್ಮ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ, ಲೆಕ್ಕವೂ ತಪ್ಪುತ್ತಿರಲಿಲ್ಲ." "ಪದವಿ ಬರಲಿಲ್ಲ ಅಂತ ನನಗೆ ಕಿಂಚಿತ್ತೂ ಬೇಸರವಿಲ್ಲ."

ಕೆಂಪು ಪೆನ್ಸಿಲ್ ಕೊಟ್ಟು ಒಂದೇ ಕೆಲಸ ಹೇಳಿದೆ. ಒಂದೊಂದು ಸಾಲನ್ನೂ ನಿಧಾನ ಓದಿ. ಓದುವಾಗ ಯಾರ ಮುಖ ಕಣ್ಣೆದುರು ಬರುತ್ತದೆ ಅಂತ ಪಕ್ಕದಲ್ಲಿ ಬರೆಯಿರಿ. ಯಾರಿಗೆ ಥ್ಯಾಂಕ್ಸ್ ಹೇಳುತ್ತಿದ್ದೀರೋ ಅವರ ಮುಖವೇ ಬಂದರೆ ಸಾಲು ಇರಲಿ. ಬೇರೆ ಯಾರದೋ ಮುಖ ಬಂದರೆ ಅದು ಅವರಿಗೆ ಬರೆದ ಸಾಲು, ಹೊಡೆದು ಹಾಕಿ.

ಮನೆಗೆ ಹೋಗಿ ಮಾಡಿಕೊಂಡು ಬನ್ನಿ ಅಂದೆ. ನಾಲ್ಕು ದಿನ ಬಿಟ್ಟು ಒಬ್ಬರೇ ಬಂದರು. ಏಳು ಪುಟದಲ್ಲಿ ಒಂದೂಕಾಲು ಪುಟ ಉಳಿದಿತ್ತು. "ಪ್ರಾಮಾಣಿಕವಾಗಿ" ಅನ್ನೋ ಶಬ್ದದ ಪಕ್ಕ ಹಳೆಯ ವಖಾರಿಯ ಒಬ್ಬರ ಹೆಸರು. ಕಂಪ್ಯೂಟರ್ ಸಾಲಿನ ಪಕ್ಕ, ಈಗ ಚೀಟಿ ತೆಗೆಯುವ ಹುಡುಗಿಯ ಹೆಸರು. "ಪಾಪ, ಅವಳು ನನಗೆ ಎಂತ ಮಾಡಿದ್ದಾಳೆ ತಂಗಿ?" ಅಂತ ತಮ್ಮಷ್ಟಕ್ಕೇ ಕೇಳಿಕೊಂಡರು. ಎರಡನೇ ಭೇಟಿಗೇ ನಾನು ತಂಗಿ ಆಗಿದ್ದೆ.

"ಬೇಸರವಿಲ್ಲ" ಅನ್ನೋ ಸಾಲನ್ನು ಮಾತ್ರ ಬಿಟ್ಟುಕೊಡಲು ಅವರಿಗೆ ಮನಸ್ಸಿರಲಿಲ್ಲ. ಅದು ಒಳ್ಳೆಯ ಮಾತಲ್ವಾ ಅಂತ ವಾದಿಸಿದರು. ಬಡ್ತಿ ವಿಷಯ ಗೊತ್ತಿಲ್ಲದವರೂ ಆ ಸಾಲು ಕೇಳಿದ ಕೂಡಲೇ ಪಕ್ಕದವರನ್ನು "ಏನಾಗಿತ್ತು?" ಅಂತ ಕೇಳುತ್ತಾರೆ ಅಂದೆ. ಸ್ವಲ್ಪ ಹೊತ್ತು ಕಿಟಕಿ ನೋಡಿ ಅವರೇ ಪೆನ್ಸಿಲ್ ಎತ್ತಿಕೊಂಡರು.

ಹಾಗಂತ ಹೊಡೆದು ಹಾಕಿದ ಸಾಲಿನ ದುಃಖ ಸುಳ್ಳಲ್ಲ. ಅದನ್ನು ನುಂಗಿಕೊಂಡು ನಗಿ ಅಂದರೆ ರಾತ್ರಿ ಎರಡಕ್ಕೆ ಎಚ್ಚರ ಆಗೋದು ನಿಲ್ಲುವುದಿಲ್ಲ. ಹಾಗಾಗಿ ಆ ಐದು ಮುಕ್ಕಾಲು ಪುಟ ಇಟ್ಟುಕೊಂಡು ಒಂದು ತಾಸು ಕೂತೆವು. ಅದರಲ್ಲಿ ಹೆಚ್ಚಿನದು ಕೇಳುವವರು ಬೇಕಾಗಿದ್ದ ಮಾತು, ನಾನು ಕೇಳಿದೆ. ಎರಡು ಮಾತ್ರ ಬೇರೆ ಥರದವು. ಒಂದು ವರ್ಷದ ಇನ್‌ಕ್ರಿಮೆಂಟ್ ತಡೆಹಿಡಿದದ್ದು ಆಮೇಲೆ ಸೇರಿಸಿರಲಿಲ್ಲ. ಗಳಿಕೆ ರಜೆಯ ಲೆಕ್ಕದಲ್ಲೂ ವ್ಯತ್ಯಾಸ ಇತ್ತು. ಇವು ದುಡ್ಡಿನ ವಿಷಯ, ಇದಕ್ಕೆ ದಾರಿ ಬೇರೆ. ತಾರೀಕು, ಆದೇಶದ ನಂಬರ್ ಹಾಕಿ ಅರ್ಜಿ ಬರೆಯಿರಿ, ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ ಅಂದೆ. ಗ್ರಾಚ್ಯುಟಿ ಕೊಡಲು ಕಾನೂನೇ 30 ದಿನದ ಗಡುವು ಇಟ್ಟಿದೆ, ಅದನ್ನು ವೇದಿಕೆಯಲ್ಲಿ ನೆನಪಿಸುವ ಅಗತ್ಯ ಇಲ್ಲ ಅಂತಲೂ ಹೇಳಿದೆ. ಯಾರಿಗಾದರೂ ಅಪಾಯ ಆಗುವಂಥ ವಿಷಯ, ಕಿರುಕುಳವೋ ಹಣದ ಮೋಸವೋ ಇದ್ದರೆ ಸುಮ್ನಿರಿ ಅಂತ ನಾನು ಹೇಳುತ್ತಿರಲಿಲ್ಲ. ಆದರೆ ಅದಕ್ಕೂ ಜಾಗ ಕಾಗದವೇ, ಮೈಕ್ ಅಲ್ಲ.

ಇನ್ನು ಮ್ಯಾನೇಜರ್. ಅವರನ್ನು ಏನು ಮಾಡೋದು? ಹೆಸರು ಬಿಟ್ಟರೆ ಇಡೀ ಸಭೆ ಗಮನಿಸುತ್ತದೆ. ಹೊಗಳಿದರೆ ಸುಳ್ಳು, ಅದೂ ಗೊತ್ತಾಗುತ್ತದೆ. ಈ ಹನ್ನೊಂದು ವರ್ಷದಲ್ಲಿ ಅವರು ನಿಮಗೆ ಮಾಡಿದ, ನಿಜವಾಗಿ ನಡೆದ ಒಂದು ಒಳ್ಳೆಯ ಕೆಲಸ ಇದೆಯಾ ಅಂತ ಕೇಳಿದೆ. ಇಲ್ಲದಿದ್ದರೆ ಸಂಬೋಧನೆಯಲ್ಲಿ "ಮ್ಯಾನೇಜರರೆ" ಅಂದು ಅಲ್ಲಿಗೇ ಬಿಡಿ, ಅಷ್ಟು ಸಾಕು. ಹೆಗಡೇರು ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, ಹೆಂಡತಿಗೆ ಹುಬ್ಬಳ್ಳಿಯಲ್ಲಿ ಆಪರೇಶನ್ ಆದಾಗ 22 ದಿನ ರಜೆ ಕೇಳಿದ್ದು, ಸೀಸನ್ ಜೋರಿದ್ದರೂ ಅವರು ಒಂದೇ ಮಾತಿಗೆ ಸಹಿ ಹಾಕಿದ್ದು ಹೇಳಿದರು. ಅವರ ಏಳು ಪುಟದಲ್ಲಿ ಅದು ಎಲ್ಲೂ ಇರಲಿಲ್ಲ.

ಹೆಸರಿನ ಪಟ್ಟಿಯನ್ನೂ ತೆಗೆಸಿದೆ. ಮೂವತ್ತೆರಡು ಹೆಸರು ಓದಿದರೆ ಜನ ಮೂವತ್ತಮೂರನೆಯವರ ಮುಖ ನೋಡುತ್ತಾರೆ. ಬೇರೆಯವರು ಭಾಷಣದಲ್ಲಿ ಹೇಳದ ಇಬ್ಬರನ್ನು ಮಾತ್ರ ಹೇಳಿ ಅಂದೆ. ಎಷ್ಟು ನಿಮಿಷ ಅಂತ ಅವರು ಕೇಳಿದರು. ನಮ್ಮ ಕಡೆ ಈ ಕಾರ್ಯಕ್ರಮ ಹೇಗೆ ನಡೆಯುತ್ತದೆ ನೆನಪು ಮಾಡಿಕೊಳ್ಳಿ. ಪ್ರಾರ್ಥನೆ, ಸ್ವಾಗತ, ಆರು ಜನರ ಮಾತು, ಹಾರ, ಶಾಲು, ಹಣ್ಣಿನ ಬುಟ್ಟಿ. ಸನ್ಮಾನ ಆದವರ ಸರದಿ ಬರುವಾಗ ಒಂದು ಗಂಟೆ ದಾಟಿರುತ್ತದೆ, ಹಿಂದಿನಿಂದ ಸಾರಿನ ಪರಿಮಳ ಬರುತ್ತಿರುತ್ತದೆ. ಮೂರು ನಿಮಿಷಕ್ಕಿಂತ ಜಾಸ್ತಿ ಯಾರೂ ಕೇಳುವುದಿಲ್ಲ.

ಮೂರನೇ ಭೇಟಿಯಲ್ಲಿ ನಿಂತು ಓದಿಸಿದೆ. ಕೂತು ಓದುವಾಗ ಬಾರದ ಅಳು ನಿಂತಾಗ ಬರುತ್ತದೆ. ಅವರ ಗಂಟಲು ಕಟ್ಟಿದ್ದು ಹಮಾಲರ ಸಾಲಿನಲ್ಲಿ. ಅಲ್ಲಿ ಕಾಗದದ ಅಂಚಿನಲ್ಲಿ "ನೀರು" ಅಂತ ದೊಡ್ಡದಾಗಿ ಬರೆಸಿದೆ. ಅಲ್ಲಿಗೆ ಬಂದಾಗ ನಿಲ್ಲಿಸಿ, ಒಂದು ಗುಟುಕು ಕುಡಿದು, ಮುಂದಿನ ಸಾಲು ಹುಡುಕೋದು. ಅತ್ತರೆ ಕ್ಷಮೆ ಕೇಳೋದು ಬೇಡ. ಕೊನೆಗೆ ಉಳಿದ ಭಾಷಣ ಇದು:

"ಅಧ್ಯಕ್ಷರೆ, ನಿರ್ದೇಶಕರೆ, ಮ್ಯಾನೇಜರರೆ, ಜೊತೆಯಲ್ಲಿ ಕೆಲಸ ಮಾಡಿದವರೆ, ರೈತ ಬಾಂಧವರೆ. ನಾನು ಇಲ್ಲಿಗೆ ಬಂದಾಗ ಕಲ್ಲಿಟ್ಟು ತೂಗುವ ತಕ್ಕಡಿ ಇತ್ತು. ಮೊದಲ ವಾರವೇ ಒಂದು ಚೀಲಕ್ಕೆ 64 ಬರೆಯುವಲ್ಲಿ 46 ಬರೆದೆ. ಹಮಾಲರಲ್ಲಿ ಹಿರಿಯರೊಬ್ಬರು, 'ಹೆಗಡೇರೆ, ಹೊತ್ತವ ನಾನು, ಇದು 46 ಅಲ್ಲ' ಅಂದರು. ಅವತ್ತಿನಿಂದ ಚೀಟಿ ಕೊಡುವ ಮೊದಲು ಎರಡು ಸಲ ನೋಡುತ್ತೇನೆ. ಅವರು ಈಗ ಇಲ್ಲ. ಅವರ ಮಗ ಅಲ್ಲಿ ಹಿಂದೆ ನಿಂತಿದ್ದಾನೆ. ನನ್ನ ಮನೆಯವಳಿಗೆ ಆಪರೇಶನ್ ಆದಾಗ, ಸೀಸನ್ನಿನ ಮಧ್ಯೆ, ಮ್ಯಾನೇಜರರು 22 ದಿನ ರಜೆ ಒಂದೇ ಮಾತಿಗೆ ಕೊಟ್ಟರು. ಅದು ನನಗೆ ನೆನಪಿದೆ. ಕಂಪ್ಯೂಟರಿನಲ್ಲಿ ಚೀಟಿ ತೆಗೆಯೋದನ್ನು ನಮ್ಮ ಆಫೀಸಿನ ಹುಡುಗಿ ಕಲಿಸಿದಳು. ನಾಲ್ಕು ಸಲ ಕೇಳಿದೆ, ನಾಲ್ಕು ಸಲವೂ ಹೇಳಿಕೊಟ್ಟಳು. ಸೀಸನ್ನಿನಲ್ಲಿ ಎಷ್ಟು ಹೊತ್ತಿಗೆ ಹೋದರೂ ಮನೆಯಲ್ಲಿ ಊಟಕ್ಕೆ ಕಾಯುತ್ತಿದ್ದರು. ನಾಳೆಯಿಂದ ನಾನೂ ಚೀಲ ತಗೊಂಡು ಬಂದು ನಿಮ್ಮ ಸಾಲಿನಲ್ಲಿ ನಿಲ್ಲುತ್ತೇನೆ. ಎಲ್ಲರಿಗೂ ನಮಸ್ಕಾರ."

ಕೊನೆಯ ಸಾಲಿನ ಬಗ್ಗೆ ನನಗೆ ಅನುಮಾನ ಇತ್ತು. ಯಾರ ಮುಖ ಬರುತ್ತದೆ ಅಂತ ಕೇಳಿದೆ. "ನಂದೇ. ಬಿಸಿಲಲ್ಲಿ ಚೀಲದ ಮೇಲೆ ಕೂತಿದ್ದು" ಅಂತ ನಕ್ಕರು. ಸಾಲು ಉಳಿಯಿತು.

31ರ ಮಧ್ಯಾಹ್ನ ಗುಡುಗು ಸಿಡಿಲಿನ ಮಳೆ ಬಂದು ಕರೆಂಟ್ ಹೋಯಿತಂತೆ. ಮೈಕ್ ಇಲ್ಲ. ತಗಡಿನ ಮೇಲೆ ಮಳೆಯ ಸದ್ದು. ಹಿಂದೆ ನಿಂತವರು ಕೇಳೋಕೆ ಮುಂದೆ ಬಂದರಂತೆ. ಸಂಜೆ ಹೆಗಡೇರ ಫೋನ್ ಬಂತು. "ತಂಗಿ, ಮೂರು ನಿಮಿಷ ಹತ್ತು ಸೆಕೆಂಡು. ಮಗಳು ನೋಡ್ಕಂಡಿದ್ದು. ನೀರು ಕುಡಿದಿದ್ದೂ ಸೇರಿ." ಮ್ಯಾನೇಜರ್ ಏನಂದರು ಅಂತ ಕೇಳಿದೆ. ಊಟಕ್ಕೆ ಪಕ್ಕದಲ್ಲಿ ಕೂತರು, ಏನೂ ಅನ್ನಲಿಲ್ಲ, ಪಾಯಸ ಇನ್ನೊಮ್ಮೆ ಬಡಿಸಲು ಹೇಳಿದರು ಅಂದರು.

ಅರ್ಜಿಯನ್ನು ಜೂನ್ ಮೊದಲ ವಾರ ಕೊಟ್ಟಿದ್ದಾರೆ, ಸೀಲ್ ಹಾಕಿದ ಪ್ರತಿ ಅವರ ಹತ್ತಿರ ಇದೆ. ರಜೆಯ ಲೆಕ್ಕ ಸರಿ ಮಾಡಿ ಕೊಟ್ಟರು. ಇನ್‌ಕ್ರಿಮೆಂಟಿನ ಉತ್ತರ ಇನ್ನೂ ಬಂದಿಲ್ಲ. ಉಳಿದ ಪುಟಗಳು ಮನೆಯ ಕಪಾಟಿನಲ್ಲಿ ಇವೆಯಂತೆ. ಸುಟ್ಟು ಬಿಡಿ ಅಂತ ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ.