ಅಪ್ಪನ ಫೋನಿನ ಮೊದಲ ಪುಟದಲ್ಲಿ ಏನಿರಬೇಕು?

ಪ್ರಶ್ನೆ: ಅಪ್ಪನ ಆಂಡ್ರಾಯ್ಡ್ ಫೋನ್ ತುಂಬ ಆ್ಯಪ್‌ಗಳು. ತೀರ್ಥಹಳ್ಳಿ ಹತ್ರ ತೋಟದಲ್ಲಿ ಇರ್ತಾರೆ. ಯಾರಿಗಾದ್ರೂ ಫೋನ್ ಮಾಡೋಕೆ, ದುಡ್ಡು ಕೊಡೋಕೆ ಪುಟ ಸರಿಸಿ ಸರಿಸಿ ಹುಡುಕ್ತಾರೆ. ಹೋಮ್ ಸ್ಕ್ರೀನ್ ಹೇಗೆ ಜೋಡಿಸಿಕೊಟ್ರೆ ಸುಲಭ ಆಗತ್ತೆ?

ಉತ್ತರ: ಶಿವಮೊಗ್ಗದಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ಮಂಡಿಗೆ ಅಡಿಕೆ ತಂದವರು ಎಷ್ಟೋ ಜನ ಫೋನ್ ಕೊಟ್ಟು ಇದನ್ನೇ ಮಾಡಿಸಿಕೊಂಡು ಹೋಗುತ್ತಾರೆ. ನಾನು ಫೋಲ್ಡರ್‌ನಿಂದ ಶುರು ಮಾಡುವುದಿಲ್ಲ. ಮೊದಲ ಪುಟದಲ್ಲಿ ಆ್ಯಪ್ ಬದಲು ಅವರು ದಿನಾ ಮಾಡುವ ಕೆಲಸವನ್ನೇ ಇಡುತ್ತೇನೆ.

ಹೊಸನಗರ ಕಡೆಯ ಬೆಳೆಗಾರರೊಬ್ಬರ ಫೋನಿಗೆ ಮಾಡಿದ್ದನ್ನೇ ಹೇಳುತ್ತೇನೆ. ದಿನಾ ಏನೇನು ಮಾಡ್ತೀರಿ ಅಂತ ಕೇಳಿದೆ. ಹೆಂಡತಿಗೆ, ಮಗನಿಗೆ, ತೋಟದ ಕೆಲಸ ನೋಡಿಕೊಳ್ಳುವವರಿಗೆ ಕರೆ. ಮನೆಯವರ ವಾಟ್ಸಾಪ್ ಗ್ರೂಪ್. ಅಂಗಡಿಯಲ್ಲಿ ಸ್ಕ್ಯಾನ್ ಮಾಡಿ ದುಡ್ಡು ಕೊಡೋದು. ಅಷ್ಟೇ.

ಮೊದಲು ಆ ಪುಟದ ಐಕಾನ್‌ಗಳನ್ನೆಲ್ಲ ತೆಗೆದೆ. ಇಲ್ಲಿ ಸ್ವಲ್ಪ ಹುಷಾರು. ಐಕಾನ್ ಒತ್ತಿ ಹಿಡಿದಾಗ Remove ಅಂತ ಬಂದರೆ ಐಕಾನ್ ಮಾತ್ರ ಹೋಗುತ್ತದೆ, ಆ್ಯಪ್ ಒಳಗೆ ಇದ್ದೇ ಇರುತ್ತದೆ. Uninstall ಒತ್ತಿದರೆ ಆ್ಯಪೇ ಹೋಗುತ್ತದೆ. ಬ್ಯಾಕಪ್ ಇಲ್ಲದ ವಾಟ್ಸಾಪ್‌ಗೆ ಹಾಗಾದರೆ ಹಳೇ ಚಾಟ್ ಎಲ್ಲ ಹೋಗಬಹುದು.

ಆಮೇಲೆ ಖಾಲಿ ಜಾಗದಲ್ಲಿ ಒತ್ತಿ ಹಿಡಿದು Widgets ತೆರೆದೆ. ಅದರಲ್ಲಿ ಕಾಂಟ್ಯಾಕ್ಟ್ಸ್ ಕೆಳಗೆ Direct dial ಅಂತ ಒಂದು ಸಣ್ಣ ವಿಜೆಟ್ ಇರುತ್ತದೆ. ಅದನ್ನು ಎಳೆದು ಪುಟದ ಮೇಲೆ ಬಿಟ್ಟು ಹೆಸರು ಆರಿಸಿದರೆ ಆಯಿತು, ಇನ್ನು ಒಂದೇ ಸಲ ಒತ್ತಿದರೆ ಕರೆ ಹೋಗುತ್ತದೆ. ನಮ್ಮ ಕಡೆ ತೋಟದಲ್ಲಿ ಒಂದು ಸಿಮ್‌ಗೆ ಸಿಗ್ನಲ್, ಪೇಟೆಯಲ್ಲಿ ಇನ್ನೊಂದಕ್ಕೆ ಅಂತ ಎರಡೆರಡು ಸಿಮ್ ಇಟ್ಟುಕೊಂಡಿರುತ್ತಾರೆ ಅಲ್ವಾ? ಸೆಟ್ಟಿಂಗ್ಸ್‌ನಲ್ಲಿ ಕರೆಗೆ ಒಂದು ಸಿಮ್ ಗೊತ್ತುಮಾಡಿ ಇಡದಿದ್ದರೆ ಪ್ರತಿ ಸಲ ಯಾವ ಸಿಮ್ ಅಂತ ಕೇಳುತ್ತದೆ. ಅವರಿಗೆ ಹಾಗೆ ಕೇಳುವುದೇ ಒಳ್ಳೆಯದು ಅನ್ನಿಸಿತು, ಬಿಟ್ಟೆ. ನಿಮ್ಮ ಅಪ್ಪನನ್ನು ಕೇಳಿ ನೋಡಿ.

ವಾಟ್ಸಾಪ್ ಗ್ರೂಪ್‌ಗೆ ಚಾಟ್ ತೆರೆದು ಮೇಲಿನ ಮೂರು ಚುಕ್ಕಿ ಒತ್ತಿ, More ಒಳಗೆ Add shortcut. ಸ್ಕ್ಯಾನ್‌ಗೆ, ಹಣ ಕಳಿಸುವ ಆ್ಯಪ್‌ನ ಐಕಾನ್ ಒತ್ತಿ ಹಿಡಿಯಿರಿ. ಸ್ಕ್ಯಾನ್ ಅನ್ನುವ ಸಾಲು ಬಂದರೆ ಆ ಸಾಲನ್ನೇ ಎಳೆದು ಪುಟದ ಮೇಲೆ ಬಿಡಿ. ಬರದಿದ್ದರೆ ಆ್ಯಪ್‌ನ ಐಕಾನನ್ನೇ ಇಡಿ. ಇವೆಲ್ಲ ಪುಟದ ಕೆಳಗಿನ ಅರ್ಧದಲ್ಲಿ ಇರಲಿ. ಒಂದು ಕೈಯಲ್ಲಿ ಕತ್ತಿಯೋ ಕೊಡೆಯೋ ಇದ್ದಾಗ ಹೆಬ್ಬೆರಳು ಅಲ್ಲಿಗೇ ಸಿಗುವುದು.

ಮೇಲಿನ ಅರ್ಧಕ್ಕೆ ಗಡಿಯಾರ ಮತ್ತು ಹವಾಮಾನದ ವಿಜೆಟ್ ಸಾಕು. ಹವಾಮಾನದ್ದನ್ನು ಪೂರ್ತಿ ನಂಬಬೇಡಿ. ವಿಜೆಟ್ ಕ್ಷಣ ಕ್ಷಣಕ್ಕೂ ಬದಲಾಗುವುದಿಲ್ಲ. ನೆಟ್‌ವರ್ಕ್ ಇಲ್ಲದಿದ್ದರೆ, ಬ್ಯಾಟರಿ ಸೇವರ್ ಹಾಕಿದ್ದರೆ ಬೆಳಗಿನದ್ದೇ ಸಂಜೆಗೂ ನಿಂತಿರುತ್ತದೆ. ಹೊರಗೆ ಧೋ ಅಂತ ಮಳೆ, ಫೋನಲ್ಲಿ ಬಿಸಿಲು ಅಂತಿದ್ದರೆ ಒಮ್ಮೆ ಒತ್ತಿ ಆ್ಯಪ್ ತೆರೆಯಲಿ, ನೆಟ್‌ವರ್ಕ್ ಇದ್ದರೆ ಹೊಸದು ಬರುತ್ತದೆ.

ಫೋಲ್ಡರ್ ಎರಡನೇ ಪುಟಕ್ಕೆ. ಒಂದು ಐಕಾನ್ ಎಳೆದು ಇನ್ನೊಂದರ ಮೇಲೆ ಬಿಟ್ಟರೆ ಫೋಲ್ಡರ್ ಆಗುತ್ತದೆ. ಬ್ಯಾಂಕ್, ವಿದ್ಯುತ್ ಬಿಲ್ ಎಲ್ಲ ಸೇರಿಸಿ "ದುಡ್ಡು" ಅಂತ ಹೆಸರಿಡಿ. ತಿಂಗಳಿಗೊಮ್ಮೆ ತೆರೆಯುವುದಕ್ಕೆ ಫೋಲ್ಡರ್ ಸರಿ, ದಿನಾ ಬೇಕಾದದ್ದನ್ನು ಅದರೊಳಗೆ ಹಾಕಿದರೆ ಸುಮ್ನೆ ಒಂದು ಒತ್ತು ಜಾಸ್ತಿ.

ಉಳಿದದ್ದು ಆ್ಯಪ್ ಡ್ರಾಯರ್‌ನಲ್ಲೇ, ಅಂದರೆ ಫೋನಿನ ಎಲ್ಲ ಆ್ಯಪ್‌ಗಳ ಪಟ್ಟಿಯಲ್ಲೇ ಇರಲಿ. ಅಲ್ಲಿ ಜೋಡಿಸುವುದು ಬೇಡ, ಹುಡುಕುವ ಜಾಗದಲ್ಲಿ ಎರಡಕ್ಷರ ಹೊಡೆದರೆ ಸಿಗುತ್ತದೆ. ಫೋನಿನ ಜೊತೆಗೇ ಬಂದ ಆಟ, ಶಾಪಿಂಗ್ ಆ್ಯಪ್‌ಗಳನ್ನು ಕಿತ್ತುಹಾಕಿ. ಹೋಗದಿದ್ದರೆ ಸೆಟ್ಟಿಂಗ್ಸ್‌ನ Apps ಒಳಗೆ Disable ಮಾಡಿ. ಆದರೆ ಏನೆಂದು ಗೊತ್ತಿಲ್ಲದ್ದನ್ನು ಮುಟ್ಟಬೇಡಿ. Android System WebView ಅಂಥದ್ದು ನಿಂತರೆ ಬೇರೆ ಆ್ಯಪ್‌ಗಳು ತೆರೆದ ಕೂಡಲೇ ಮುಚ್ಚಿಕೊಳ್ಳಬಹುದು.

ಕೊನೆಗೆ ಹೋಮ್ ಸ್ಕ್ರೀನ್ ಸೆಟ್ಟಿಂಗ್‌ನಲ್ಲಿ ಎರಡು ಕೆಲಸ. ಹೊಸ ಆ್ಯಪ್ ತಾನಾಗಿ ಪುಟಕ್ಕೆ ಬರುವುದನ್ನು ಆಫ್ ಮಾಡಿ. Lock Home screen layout ಆನ್ ಮಾಡಿ. ಮಳೆಗಾಲದಲ್ಲಿ ಇದು ಬೇಕೇ ಬೇಕು. ಒದ್ದೆ ಬೆರಳಿಗೆ ಸ್ಕ್ರೀನ್ ಸರಿಯಾಗಿ ಸ್ಪಂದಿಸುವುದಿಲ್ಲ, ಒತ್ತಿದ್ದು ಎಳೆದ ಹಾಗಾಗಿ ಐಕಾನ್ ಎಲ್ಲೋ ಹೋಗಿ ಕೂರುತ್ತದೆ. ಲಾಕ್ ಇದ್ದಾಗ ಹೊಸದೇನೂ ಸೇರಿಸಲು ಬರುವುದಿಲ್ಲ, ಆಗ ಅದನ್ನೇ ಒಮ್ಮೆ ಆಫ್ ಮಾಡಿಕೊಳ್ಳಿ. ಎಲ್ಲ ಫೋನಿನಲ್ಲೂ ಈ ಲಾಕ್ ಇರುವುದಿಲ್ಲ. ಇಲ್ಲದಿದ್ದರೆ ಜೋಡಿಸಿದ ಪುಟದ ಸ್ಕ್ರೀನ್‌ಶಾಟ್ ತೆಗೆದು ನಿಮ್ಮ ಫೋನಿಗೆ ಕಳಿಸಿಕೊಳ್ಳಿ. ಯಾವುದಾದರೂ ಜಾಗ ಬಿಟ್ಟು ಹೋದರೆ ಅಪ್ಪನಿಗೆ ಫೋನಲ್ಲೇ ಹೇಳಿ ಸರಿ ಮಾಡಿಸಬಹುದು.